ಸಾಲ ತೀರಿಸಿದ ಜೋಡಿಯ ಸಣ್ಣ ಕಥೆ ಬರೆದಿದ್ದೇನೆ, ಫೋನಿನ ದೃಶ್ಯ ನಂಬೋ ಹಾಗಿದೆಯಾ?

ಹೊಸ_ಕಥೆಗಾರ
ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಮೂರು ವರ್ಷವಾದ ಮಾನಸ, ಕಿರಣ ಅನ್ನೋ ಜೋಡಿಯ ಬಗ್ಗೆ ಒಂದು ಕಥೆ ಬರೆದಿದ್ದೇನೆ. ಗೆಳೆಯನೊಬ್ಬ ಓದಿ, "ಶುರು ಚೆನ್ನಾಗಿದೆ, ಕೊನೆ ಸುಳ್ಳು" ಅಂದುಬಿಟ್ಟ. ಯಾಕೆ ಸುಳ್ಳು ಅಂತ ಅವನಿಗೂ ಹೇಳಲು ಬರಲಿಲ್ಲ. ಇಲ್ಲಿ ಹಾಕುತ್ತಿದ್ದೇನೆ, ನೋಡಿ ಹೇಳಿ.

ಕಥೆಯಲ್ಲಿ ಊರಿನ ಹೆಸರಿಲ್ಲ, ದುಡ್ಡಿನ ಹೆಸರೂ ಇಲ್ಲ. ಇಬ್ಬರ ತಿಂಗಳ ಸಂಬಳ ಸೇರಿ 100 ಅಂತ ಇಟ್ಟುಕೊಂಡಿದ್ದೇನೆ. ಉಳಿದ ಲೆಕ್ಕವೆಲ್ಲ ಅದೇ ಅಳತೆಯಲ್ಲಿ.

ರಾತ್ರಿ ಹತ್ತೂವರೆ. ಮಾನಸ ಹಳೇ ಚಪ್ಪಲಿ ಡಬ್ಬವನ್ನು ನೆಲದ ಮೇಲೆ ಬೋರಲು ಹಾಕಿದಳು. ಬಿಲ್ಲು, ರಸೀದಿ, ಲಕೋಟೆ. ಒಂದು ಲಕೋಟೆಯನ್ನು ಒಡೆದೇ ಇರಲಿಲ್ಲ.

"ಇದು ಯಾವಾಗಿನದು?"

"ಯಾವಾಗಿನದೋ. ಒಡೆಯೋಕೆ ಧೈರ್ಯ ಬರಲಿಲ್ಲ" ಅಂದ ಕಿರಣ.

ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲ್‌ನಿಂದ ಬರೆದಳು. ದೊಡ್ಡ ಕಾರ್ಡ್ 240. ಸಣ್ಣ ಕಾರ್ಡ್ 90. ಪರ್ಸನಲ್ ಲೋನ್ 268. ಕೂಡಿಸಲು ಗೆರೆ ಎಳೆದಳು.

"ತಡಿ" ಅಂದ ಕಿರಣ. "ಇನ್ನೊಂದಿದೆ."

ಪೆನ್ಸಿಲ್ ನಿಂತಿತು.

"ಗೆಳೆಯನ ಹತ್ತಿರ 50 ತಗೊಂಡಿದ್ದೆ. ನಿನಗೆ ಹೇಳಿರಲಿಲ್ಲ."

ಅವಳು ಬೈಯಲಿಲ್ಲ. ಎಳೆದ ಗೆರೆಯನ್ನು ಅಳಿಸಿ, 50 ಬರೆದು, ಕೆಳಗೆ ಮತ್ತೆ ಗೆರೆ ಎಳೆದಳು. 648. ಆರೂವರೆ ತಿಂಗಳು ಇಬ್ಬರೂ ಉಪವಾಸ ಕೂತು ದುಡಿದರೆ ತೀರುವಷ್ಟು.

ಆಮೇಲೆ ಖರ್ಚು ಬರೆದರು. ಬಾಡಿಗೆ 25, ಊಟ ಮತ್ತು ಮನೆ ಸಾಮಾನು 22, ಓಡಾಟ 7, ಫೋನು-ಕರೆಂಟು 4, ಅಪ್ಪ ಅಮ್ಮನಿಗೆ 8. ದೊಡ್ಡ ಕಾರ್ಡಿನ ಮಿನಿಮಮ್ 12, ಸಣ್ಣದರದ್ದು 4.5, ಲೋನಿನ ಕಂತು 13. ಒಟ್ಟು 95.5.

"ಹಾಗಾದ್ರೆ ತಿಂಗಳಿಗೆ 4.5 ಉಳೀಬೇಕಲ್ಲಾ" ಅಂದ ಕಿರಣ.

"ಎಲ್ಲಿ ಉಳಿದಿದೆ? ತೋರಿಸು" ಅಂದಳು ಮಾನಸ.

ಇಲ್ಲಿಂದ ಮುಂದೆ ಕಥೆ ಹೀಗಿದೆ: ಇಬ್ಬರೂ ಹೊರಗಿನ ಊಟ ಬಿಡುತ್ತಾರೆ. ಕಿರಣ ಕಾರ್ಡ್ ಕಂಪನಿಗೆ ಫೋನ್ ಮಾಡಿ ತನ್ನ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಾನೆ. ಆ ಕಡೆಯವರ ಮನಸ್ಸು ಕರಗಿ ಎರಡೂ ಕಾರ್ಡಿನ ಸಾಲ ಅರ್ಧಕ್ಕೆ ಇಳಿಯುತ್ತದೆ. ಒಂದು ವರ್ಷದಲ್ಲಿ ಎಲ್ಲ ಮುಗಿಯುತ್ತದೆ.

ಏನು ತಪ್ಪಿದೆ ಹೇಳಿ.

ಸುಮ್ನೆ_ಓದುಗ
ಗೆರೆ ಅಳಿಸಿದ್ದು ಸೂಪರ್. ಫೋನ್ ಮಾಡಿದ ತಕ್ಷಣ ಅರ್ಧ ಆಯ್ತು ಅಂದಾಗ ನಕ್ಕೆ.

ಲೆಕ್ಕದ_ಅಕ್ಕ
ಫೋನಿನ ವಿಷಯ ಬಲ್ಲವರು ಬಂದು ಹೇಳಲಿ. ನನಗೆ ಬೇಜಾರಾಗಿದ್ದು ಬೇರೆ. ನಿಮ್ಮ ಕಥೆಯ ಒಳ್ಳೆಯ ಪ್ರಶ್ನೆಯನ್ನು ನೀವೇ ಅರ್ಧಕ್ಕೆ ಬಿಟ್ಟಿದ್ದೀರಿ. "ಎಲ್ಲಿ ಉಳಿದಿದೆ? ತೋರಿಸು" ಅಂತ ಕೇಳಿಸಿದ್ದೀರಿ, ಉತ್ತರ ಹುಡುಕದೆ ಹೊರಗಿನ ಊಟಕ್ಕೆ ಹಾರಿಬಿಟ್ಟಿರಿ. ಆ 4.5 ಎಲ್ಲಿಗೆ ಹೋಯಿತು?

ನಾನು ಲೆಕ್ಕ ಬರೆಯುವ ಕೆಲಸದವಳು. ಮನೆ ಲೆಕ್ಕ ಹಿಡಿದುಕೊಂಡು ಬರುವ ಜೋಡಿಗಳದ್ದು ಹತ್ತರಲ್ಲಿ ಎಂಟು ಸಲ ಇದೇ ಕಥೆ. ಅವರು ತಿಂಗಳು ತಿಂಗಳು ಬರುವ ಖರ್ಚನ್ನು ಮಾತ್ರ ಬರೆದಿರುತ್ತಾರೆ. ವರ್ಷಕ್ಕೊಮ್ಮೆ ಬರುವುದನ್ನು ಬರೆದೇ ಇರುವುದಿಲ್ಲ. ಇನ್ಶೂರೆನ್ಸ್, ಗಾಡಿ ರಿಪೇರಿ, ಡಾಕ್ಟರ್ ಫೀಸು, ಯಾರದೋ ಸಮಾರಂಭಕ್ಕೆ ಉಡುಗೊರೆ, ಕೆಟ್ಟುಹೋದ ಫೋನು. ಒಂದೊಂದು ಬಂದಾಗಲೂ "ಈ ತಿಂಗಳು ಮಾತ್ರ ಸ್ವಲ್ಪ ಜಾಸ್ತಿ ಆಯ್ತು" ಅನಿಸುತ್ತದೆ. ಹಾಗೆ ಅನಿಸದ ತಿಂಗಳೇ ಇರುವುದಿಲ್ಲ ಅನ್ನೋದು ಹನ್ನೆರಡು ತಿಂಗಳ ಬಿಲ್ಲು ಒಟ್ಟಿಗೆ ನೋಡಿದಾಗಲೇ ಗೊತ್ತಾಗುವುದು.

ನಿಮ್ಮ ಕಥೆಯಲ್ಲಿ ಇದೆಲ್ಲ ವರ್ಷಕ್ಕೆ 60 ಅಂತ ಇಟ್ಟುಕೊಳ್ಳಿ. ತಿಂಗಳಿಗೆ 5 ಆಯಿತು. ಉಳಿಯಬೇಕಾದದ್ದು 4.5. ಅಂದರೆ ಪ್ರತಿ ತಿಂಗಳು ಅರ್ಧ ಕಡಿಮೆ ಬೀಳುತ್ತಿದೆ, ಆ ಅರ್ಧ ಕಾರ್ಡಿನ ಮೇಲೆ ಹೋಗಿ ಕೂರುತ್ತಿದೆ. ಇವರು ದುಂದುಗಾರರಲ್ಲ. ಹನ್ನೆರಡು ಮನೆ ಇರುವ ಹಾಳೆಯೊಂದನ್ನು ಬರೆದಿಲ್ಲ, ಅಷ್ಟೇ. ಡಬ್ಬ ಹೇಗೂ ಬೋರಲು ಹಾಕಿದ್ದೀರಲ್ಲ, ಆ ರಸೀದಿಗಳನ್ನೇ ತಿಂಗಳವಾರು ಜೋಡಿಸಲು ಬಿಡಿ ಅವಳನ್ನ.

ಹೊಸ_ಕಥೆಗಾರ
ಅಕ್ಕಾ, ನಾನು ಬರೆಯುವಾಗ ಆ 4.5 ನಿಜವಾಗಲೂ ಲೆಕ್ಕ ತಪ್ಪಿ ಬಂದಿದ್ದು. ಹಾಗೇ ಬಿಟ್ಟಿದ್ದೆ. ಈಗ ನಮ್ಮನೆಯದ್ದೇ ಒಂದು ಸಲ ಬರೆದು ನೋಡಬೇಕು ಅನಿಸ್ತಿದೆ.

ಮೊದಲು_ಸಣ್ಣದು
ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ ಗುರುಗಳೇ. ಸಾಲ ತೀರಿಸೋಕೆ ಒಂದೇ ದಾರಿ. ಸಣ್ಣ ಸಾಲ ಮೊದಲು ತೀರಿಸಬೇಕು, ಆಮೇಲೆ ಅದಕ್ಕಿಂತ ದೊಡ್ಡದು. ನಾನು ಹಾಗೇ ತೀರಿಸಿದೆ. ಗೆಳೆಯನ 50 ಮೊದಲು ಬಿಸಾಕಿ. ಬಡ್ಡಿ ಎಲ್ಲದಕ್ಕೂ ಇದ್ದೇ ಇರುತ್ತೆ, ಅದನ್ನು ನೋಡ್ತಾ ಕೂತರೆ ಮುಂದೆ ಹೋಗೋಕೆ ಆಗಲ್ಲ.

ಲೆಕ್ಕದ_ಅಕ್ಕ
ಎಲ್ಲದಕ್ಕೂ ಇರುತ್ತೆ, ಒಂದೇ ಥರ ಇರಲ್ಲ. ಗೆಳೆಯನ ಕೈಸಾಲಕ್ಕೆ ಬಡ್ಡಿಯೇ ಇಲ್ಲ. ಲೋನಿಗೆ ತಿಂಗಳಿಗೆ ನೂರಕ್ಕೆ ಒಂದೂಕಾಲು ಅಂತಿಟ್ಟುಕೊಳ್ಳಿ. ಕಾರ್ಡಿಗೆ ಮೂರು. ಬಡ್ಡಿ ಇಲ್ಲದ್ದನ್ನು ಮೊದಲು ತೀರಿಸಿ, ಮೂರರದ್ದನ್ನು ಬೆಳೆಯಲು ಬಿಡುವುದು ಯಾವ ಲೆಕ್ಕ?

ಮೊದಲು_ಸಣ್ಣದು
ಮನಸ್ಸಿನ ಲೆಕ್ಕ. ಗೆಳೆಯನ ಮುಖ ನೋಡೋಕೆ ಆಗ್ತಿರಲಿಲ್ಲ ನನಗೆ. ಅದಕ್ಕೆ ಎಷ್ಟು ಪರ್ಸೆಂಟ್ ಹಾಕ್ತೀರಿ?

ಸುಮ್ನೆ_ಓದುಗ
ಈ ಒಂದು ಪ್ರಶ್ನೆಗೆ ನನ್ನ ವೋಟು.

ಹಳೇ_ವಸೂಲಿಗಾರ
ಫೋನಿನ ದೃಶ್ಯಕ್ಕೆ ಬರೋಣ. ಆರು ವರ್ಷ ನಾನು ಆ ಕಡೆ ಹೆಡ್‌ಫೋನ್ ಹಾಕಿಕೊಂಡು ಕೂತವನು. ಕಾರ್ಡಿನ ಬಾಕಿ ವಸೂಲಿ ಕೆಲಸ. ಕಂಪನಿ ಹೆಸರು ಬೇಡ.

ಮೊದಲನೇ ತಪ್ಪು ಕೇಳಿ. ನಿಮ್ಮ ಕಿರಣ ಪ್ರತಿ ತಿಂಗಳು ಮಿನಿಮಮ್ ಕಟ್ಟುತ್ತಿದ್ದಾನೆ. ನಮ್ಮ ಪರದೆಯ ಮೇಲೆ ಅವನು ಒಳ್ಳೆಯ ಗಿರಾಕಿ. 240 ಬಾಕಿ, ತಿಂಗಳಿಗೆ 7.2 ಬಡ್ಡಿಯೇ ಬರುತ್ತಿದೆ. ಅವನು 12 ಕಟ್ಟಿದರೆ ಅಸಲಿಗೆ ಹೋಗುವುದು 4.8. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಇಂಥವನ ಸಾಲವನ್ನು ಅರ್ಧ ಬಿಡಲು ಯಾವ ಕಂಪನಿಗೂ ಕಾರಣವಿಲ್ಲ. ಅರ್ಧ ಬಿಡುವ ಮಾತು ಬರುವುದು ತಿಂಗಳುಗಟ್ಟಲೆ ಏನೂ ಕಟ್ಟದೆ, ಇನ್ನು ಬರೋದೇ ಇಲ್ಲ ಅಂತ ಕಂಪನಿ ಕೈಚೆಲ್ಲಿದ ಸಾಲಕ್ಕೆ.

ಎರಡನೇದು, ಕಷ್ಟ ಹೇಳಿಕೊಳ್ಳುವುದು. ಹೇಳಲಿ, ತಪ್ಪಿಲ್ಲ. ನಾನೂ ಮನುಷ್ಯನೇ, ಎಷ್ಟೋ ಸಲ ಕೇಳಿ ಗಂಟಲು ಕಟ್ಟಿದೆ. ಆದರೆ ಪರದೆಯ ಮೇಲೆ "ಅಯ್ಯೋ ಪಾಪ" ಅನ್ನೋ ಬಟನ್ ಇರಲ್ಲ. ಅಲ್ಲಿರುವುದು ಎರಡು ಖಾಲಿ ಜಾಗ. ತಿಂಗಳಿಗೆ ಎಷ್ಟು ಕಟ್ಟುತ್ತಾರೆ, ಯಾವ ತಾರೀಕಿನಿಂದ. ಅರ್ಧ ಗಂಟೆ ಅತ್ತು ಕೊನೆಗೆ "ನೀವೇ ಏನಾದ್ರೂ ಮಾಡಿ ಸಾರ್" ಅಂದವರಿಗೆ ನಾವು ಕೊಡುತ್ತಿದ್ದದ್ದು ನಮಗೆ ಲಾಭ ಇರುವ ಸ್ಕೀಮು. ಎರಡು ನಿಮಿಷ ಮಾತಾಡಿ "ತಿಂಗಳಿಗೆ 12ರ ಮೇಲೆ ಆಗಲ್ಲ, ಸಂಬಳದ ಮಾರನೇ ದಿನ ಕಟ್ಟುತ್ತೇನೆ, ಏನಿದೆ ಹೇಳಿ" ಅಂದವರಿಗೆ ಹುಡುಕಿ ಕೊಡಬೇಕಾಗುತ್ತಿತ್ತು.

ಕಿರಣ ಕೇಳಬೇಕಾದದ್ದು ಅರ್ಧ ಬಿಡಿ ಅಂತಲ್ಲ. "ಈ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ಬದಲಿಸಿಕೊಡಿ" ಅಂತ.

ಗಡಿಬಿಡಿ
ಒಂದು ನಿಮಿಷ ಅಣ್ಣ. ಕಟ್ಟೋದು ನಿಲ್ಲಿಸಿದರೆ ಅರ್ಧ ಬಿಡ್ತಾರೆ ಅಂದ್ರಲ್ಲ? ಹಾಗಾದ್ರೆ ನಾನು ಸುಮ್ನೆ ಆರು ತಿಂಗಳು ಕಟ್ಟದೆ ಕೂತರೆ?

ಹಳೇ_ವಸೂಲಿಗಾರ
ನಾನು ಹಾಗೆ ಅಂದಿಲ್ಲ! ಆ ಆರು ತಿಂಗಳಲ್ಲಿ ಬಡ್ಡಿ ಓಡುತ್ತಿರುತ್ತೆ, ಲೇಟ್ ಫೀಸ್ ಸೇರುತ್ತಿರುತ್ತೆ. 90 ಇದ್ದದ್ದು 110 ದಾಟಿರುತ್ತೆ, ಆಮೇಲೆ ಅದರಲ್ಲಿ ಅರ್ಧ. ನಡುವೆ ನನ್ನಂಥವರು ದಿನಾ ಫೋನ್ ಮಾಡುತ್ತಿರುತ್ತೇವೆ. ಕೊನೆಗೆ ಕಂಪನಿ ಬಿಡದೆಯೂ ಇರಬಹುದು, ಕೋರ್ಟಿಗೂ ಹೋಗಬಹುದು. ಬಿಟ್ಟರೂ ಕ್ರೆಡಿಟ್ ರಿಪೋರ್ಟಿನಲ್ಲಿ "ಪೂರ್ತಿ ತೀರಿದೆ" ಅಂತ ಬರಲ್ಲ, "ಸೆಟಲ್ ಆಗಿದೆ" ಅಂತ ಬರುತ್ತೆ. ಮುಂದೆ ಸಾಲ ಕೊಡುವವನು ಅದನ್ನು ಓದುವುದು "ಇವರು ಪೂರ್ತಿ ಕಟ್ಟಿಲ್ಲ" ಅಂತಲೇ. ಕೆಲಸ ಹೋಗಿ, ಕಟ್ಟಲು ಸಾಧ್ಯವೇ ಇಲ್ಲದವರಿಗೆ ಅದು ಕೊನೇ ಬಾಗಿಲು. ನಿಮಗೆ ಸಂಬಳ ಬರ್ತಿದೆಯಲ್ವಾ?

ಗಡಿಬಿಡಿ
ಬರ್ತಿದೆ. ಕೇಳಿದ್ದೇ ತಪ್ಪಾಯ್ತು.

ಮೋಡದ_ಮರೆ
ಸೆಟಲ್‌ಮೆಂಟ್ ಮಾಡಿಕೊಂಡು ಕೈ ಸುಟ್ಟುಕೊಂಡವಳು ನಾನು, ಅದಕ್ಕೆ ಬರೀತಿದ್ದೇನೆ.

ನಮ್ಮ ಯಜಮಾನರ ಕೆಲಸ ಹೋಗಿತ್ತು. ಏಳು ತಿಂಗಳು ಕಾರ್ಡ್ ಕಟ್ಟಿರಲಿಲ್ಲ. ಒಬ್ಬರು ಮನೆಗೇ ಬಂದರು. ತುಂಬಾ ಮರ್ಯಾದಸ್ಥರು. ಬಾಕಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟರೆ ಮುಗೀತು ಅಂದರು. ಒಡವೆ ಇಟ್ಟು ದುಡ್ಡು ತಂದು ಕೈಗೇ ಕೊಟ್ಟೆವು. ಅವರು ಒಂದು ಚೀಟಿ ಬರೆದು ಸಹಿ ಮಾಡಿ ಕೊಟ್ಟರು. ಅದರಲ್ಲಿ "ಹಣ ತಲುಪಿದೆ" ಅಂತಿತ್ತು, ಅಷ್ಟೇ. ಎಷ್ಟು ಬಾಕಿಗೆ, ಇನ್ನು ಏನಾದರೂ ಉಳಿದಿದೆಯಾ, ಒಂದೂ ಇರಲಿಲ್ಲ. ಐದು ತಿಂಗಳ ನಂತರ ಬೇರೆ ಏಜೆನ್ಸಿಯಿಂದ ಫೋನ್ ಬಂತು. "ನೀವು ಸ್ವಲ್ಪ ಭಾಗ ಕಟ್ಟಿದ್ದೀರಿ, ಉಳಿದದ್ದು ಯಾವಾಗ?" ಅಂತ. ಆ ಚೀಟಿ ಯಾವ ಕೆಲಸಕ್ಕೂ ಬರಲಿಲ್ಲ. ಕೊಟ್ಟ ದುಡ್ಡು ಕಂಪನಿಯ ಲೆಕ್ಕದಲ್ಲಿ ಸೇರಿತ್ತು ಅನ್ನೋದೇ ಪುಣ್ಯ. ಉಳಿದದ್ದನ್ನು ಮತ್ತೆ ಚೌಕಾಸಿ ಮಾಡಿ ಕಟ್ಟಿದೆವು.

ಕಥೆಯಲ್ಲಿ ಕಾಗದದ ವಿಷಯ ದಯವಿಟ್ಟು ಹಾಕಿ.

ಹಳೇ_ವಸೂಲಿಗಾರ
ಮೇಡಂ, ಓದಿ ಬೇಜಾರಾಯ್ತು. ಕ್ರಮ ಉಲ್ಟಾ ಆಗಿಬಿಟ್ಟಿದೆ. ಕಾಗದ ಮೊದಲು, ದುಡ್ಡು ಆಮೇಲೆ. ಕಂಪನಿಯ ಹೆಸರಿನಿಂದಲೇ ಬರಬೇಕು. ಅದರಲ್ಲಿ ಖಾತೆಯ ನಂಬರ್, ಕಟ್ಟಬೇಕಾದ ಮೊತ್ತ, ಕೊನೇ ತಾರೀಕು, ಇಷ್ಟು ಕಟ್ಟಿದರೆ ಮುಂದೆ ಏನೂ ಬಾಕಿ ಇರಲ್ಲ ಅನ್ನೋ ಮಾತು, ನಾಲ್ಕೂ ಇರಬೇಕು. ದುಡ್ಡು ಹೋಗಬೇಕಾದದ್ದು ಆ ಖಾತೆಗೇ, ಬಂದವರ ಕೈಗಲ್ಲ. ಕಟ್ಟಿದ ಮೇಲೆ ಬಾಕಿ ಇಲ್ಲ ಅಂತ ಇನ್ನೊಂದು ಪತ್ರ. "ಲೆಟರ್ ಆಮೇಲೆ ಕಳಿಸ್ತೀವಿ, ಇವತ್ತೇ ಕಟ್ಟಿ, ನಾಳೆ ಈ ಆಫರ್ ಇರಲ್ಲ" ಅಂತ ನಾನೇ ಎಷ್ಟು ಜನಕ್ಕೆ ಹೇಳಿದ್ದೇನೋ. ತಿಂಗಳ ಕೊನೆಯಲ್ಲಿ ನಮಗೆ ಟಾರ್ಗೆಟ್ ಇರುತ್ತಿತ್ತು. ಆಫರ್ ಮರುದಿನವೂ ಇರುತ್ತಿತ್ತು.

ಕಂತಿಗೆ ಬದಲಿಸಿಕೊಂಡರೂ ಇದೇ ಮಾತು. ಬಾಯಲ್ಲಿ ಹೇಳಿದ್ದು ಇಮೇಲಲ್ಲಿ ಬರುವ ತನಕ ಹೂಂ ಅನ್ನಬಾರದು.

ಮನೆಸಾಲದವನು
ನಂದು ಮನೆ ಸಾಲ ಇದೆ, ಇನ್ನೂ 14 ವರ್ಷ. ಕೈಯಲ್ಲಿ ಸ್ವಲ್ಪ ದುಡ್ಡಿದೆ. ಮುಂಚೆನೇ ಕಟ್ಟಿಬಿಡ್ಲಾ?

ಸುಮ್ನೆ_ಓದುಗ
ಸಾರ್, ಇದು ಕಥೆ ಚರ್ಚೆ.

ಮನೆಸಾಲದವನು
ಶೀರ್ಷಿಕೆಯಲ್ಲಿ ಸಾಲ ಅಂತ ಇತ್ತಲ್ಲ.

ಹೊಸ_ಕಥೆಗಾರ
ವಸೂಲಿಗಾರ ಅಣ್ಣ, ಒಂದು ಅನುಮಾನ. "12ರ ಮೇಲೆ ಆಗಲ್ಲ" ಅಂತ ಅವರು ಹೇಳಬೇಕು ಅಂದ್ರಲ್ಲ. ಆ 12 ಎಲ್ಲಿಂದ ಬರಬೇಕು? ಸುಮ್ನೆ ಒಂದು ನಂಬರ್ ಹೇಳಿದರೆ ಓದುಗರಿಗೆ ಮೋಸ ಅಲ್ವಾ?

ಲೆಕ್ಕದ_ಅಕ್ಕ
ಅದಕ್ಕೆ ನಾನು ಉತ್ತರ ಕೊಡ್ತೀನಿ, ಇದು ನನ್ನ ಅಂಗಳ.

ಊಟ-ಸಾಮಾನಿನ 22ನ್ನು 17ಕ್ಕೆ ಇಳಿಸಲಿ. ಅದಕ್ಕಿಂತ ಇಳಿಸಬೇಡಿ, ಮೂರನೇ ತಿಂಗಳಿಗೆ ಬಿಟ್ಟುಬಿಡುತ್ತಾರೆ. ಓಡಾಟ 7 ಇದ್ದದ್ದು 5. ಬಾಡಿಗೆ, ಫೋನು-ಕರೆಂಟು, ಅಪ್ಪ ಅಮ್ಮನ 8 ಹಾಗೇ ಇರಲಿ. ಒಟ್ಟು 59. ವರ್ಷದ ಖರ್ಚಿಗೆ ತಿಂಗಳಿಗೆ 5 ಬೇರೆ ಖಾತೆಗೆ ಹಾಕಲಿ. ಜೊತೆಗೆ 2 ಆಪತ್ತಿಗೆ. 100ರಲ್ಲಿ ಇದನ್ನೆಲ್ಲ ಕಳೆದರೆ ಸಾಲಕ್ಕೆ ಸಿಗುವುದು 34.

ಅದರಲ್ಲಿ ಲೋನಿನ ಕಂತು 13, ಅದು ಅಲುಗಾಡಲ್ಲ. ಉಳಿದದ್ದು 21. ಅದರಲ್ಲಿ ಸಣ್ಣ ಕಾರ್ಡಿಗೆ 9 ಆದರೂ ಬೇಕು, ಇಲ್ಲದಿದ್ದರೆ ಅದು ಒಂದು ವರ್ಷದ ಆಸುಪಾಸಿನಲ್ಲಿ ತೀರಲ್ಲ. ದೊಡ್ಡ ಕಾರ್ಡಿಗೆ ಉಳಿಯುವುದು 12. ಆ 12 ಬಂದಿದ್ದು ಹೀಗೆ. ಮಾನಸ ಅದನ್ನು ಧೈರ್ಯವಾಗಿ ಹೇಳಬಲ್ಲಳು, ಯಾಕೆಂದರೆ ಅದಕ್ಕಿಂತ ಜಾಸ್ತಿ ಒಪ್ಪಿಕೊಂಡರೆ ಯಾವ ಸಾಲಿಗೆ ಕತ್ತರಿ ಬೀಳುತ್ತೆ ಅಂತ ಅವಳ ನೋಟ್‌ಬುಕ್ಕಿನಲ್ಲೇ ಇದೆ. ಜನ ಫೋನಿನಲ್ಲಿ ಸೋಲುವುದು ಮಾತು ಬರದೆ ಅಲ್ಲ. ತಮ್ಮ ಗಡಿ ಎಲ್ಲಿದೆ ಅಂತ ಗೊತ್ತಿರದೆ ಆ ಕಡೆಯವರು ಹೇಳಿದ ಕಂತಿಗೆ ಹೂಂ ಅಂದು, ನಾಲ್ಕನೇ ತಿಂಗಳು ತಪ್ಪಿಸಿ, ಇನ್ನೂ ಕೆಟ್ಟ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಖಡಕ್_ಮಾತು
ಅಪ್ಪ ಅಮ್ಮನ 8 ಯಾಕೆ ಮುಟ್ಟಲ್ಲ? ಸಾಲದಲ್ಲಿ ಮುಳುಗಿರೋರು ಮೊದಲು ತಮ್ಮ ತಲೆ ಮೇಲೆತ್ತಬೇಕು. ಎರಡು ವರ್ಷ 4 ಕೊಟ್ಟರೆ ಆಗಲ್ವಾ?

ಲೆಕ್ಕದ_ಅಕ್ಕ
ಅವರ ಔಷಧಿ ಖರ್ಚು ಅದರಲ್ಲೇ ಇದ್ದರೆ?

ಖಡಕ್_ಮಾತು
ಇದ್ದರೆ ಅಂತ ಕಥೆಯಲ್ಲಿ ಬರೀರಿ. ಇಲ್ಲದಿದ್ದರೆ ಅದು ಖರ್ಚಲ್ಲ, ಸಂಕೋಚ. ಸಾಲದ ವಿಷಯ ಅಪ್ಪ ಅಮ್ಮನಿಗೆ ಹೇಳೋಕೆ ಆಗದ ಸಂಕೋಚ.

ಹೊಸ_ಕಥೆಗಾರ
ಇದು ಚುಚ್ಚಿತು. ಆದರೂ 8 ಹಾಗೇ ಇಡುತ್ತೇನೆ. ಕಾರಣ ಬರೆಯಲ್ಲ.

ಹಳೇ_ವಸೂಲಿಗಾರ
ಅಕ್ಕ ಹೇಳಿದ 12 ಬಳಸಿಯೇ ಆ ಕಡೆಯ ಆಟ ಹೇಳ್ತೀನಿ. ಕಥೆಗೆ ಬೇಕಾದ ಜಗಳ ಇಲ್ಲಿದೆ.

ಕಿರಣ ಕಂತಿಗೆ ಬದಲಿಸಿ ಅಂದ ಕೂಡಲೇ ನಾನಾಗಿದ್ದರೆ ಹೇಳುತ್ತಿದ್ದದ್ದು ಹೀಗೆ: "ನಿಮಗೆ ಈಗ ಮೂರು ಪರ್ಸೆಂಟ್ ಬೀಳ್ತಿದೆ ಸಾರ್. ಒಂದೇ ಪರ್ಸೆಂಟಿಗೆ ಮಾಡಿಕೊಡ್ತೀನಿ, 24 ತಿಂಗಳು." ಕೇಳಿದವರು ಕುಣಿದುಬಿಡುತ್ತಾರೆ. ಆದರೆ ಆ ಒಂದು ಪರ್ಸೆಂಟ್ ಫ್ಲಾಟ್. ಅಂದರೆ ಕೊನೇ ತಿಂಗಳವರೆಗೂ ಪೂರ್ತಿ 240ರ ಮೇಲೆ ಬಡ್ಡಿ, ನೀವು ಎಷ್ಟೇ ತೀರಿಸಿದ್ದರೂ. ತಿಂಗಳಿಗೆ 2.4ರಂತೆ 24 ತಿಂಗಳಿಗೆ 57.6 ಬಡ್ಡಿ. ಕಂತು 12.4.

ಅದೇ ಒಂದೂಕಾಲು ಪರ್ಸೆಂಟ್, ಉಳಿದ ಅಸಲಿನ ಮೇಲೆ ಮಾತ್ರ ಅಂತಾದರೆ ಕಂತು ಸುಮಾರು 11.6, ಒಟ್ಟು ಬಡ್ಡಿ 39-40ರ ಹತ್ತಿರ. ಕೇಳೋಕೆ ಒಂದೂಕಾಲು ದೊಡ್ಡದು, ಕಟ್ಟೋಕೆ ಒಂದು ದೊಡ್ಡದು. ಇದನ್ನು ಪತ್ತೆ ಹಚ್ಚಲು ಯಾವ ಸೂತ್ರವೂ ಬೇಡ. "ಕೊನೇ ಕಂತು ಮುಗಿಯುವಷ್ಟರಲ್ಲಿ, ಫೀಸು ಎಲ್ಲ ಸೇರಿ ನನ್ನ ಕೈಯಿಂದ ಒಟ್ಟು ಎಷ್ಟು ಹೋಗುತ್ತೆ?" ಅಂತ ಕೇಳಿದರೆ ಸಾಕು. ಆ ಪ್ರಶ್ನೆ ಕೇಳಿದವರ ಹತ್ತಿರ ನಾವು ಹುಷಾರಾಗುತ್ತಿದ್ದೆವು.

ಇನ್ನೆರಡು ಮಾತು. ಒಂದು ಕಂತು ತಪ್ಪಿದರೆ ಒಪ್ಪಂದ ಉಳಿಯುತ್ತಾ, ಬಿದ್ದು ಹೋಗುತ್ತಾ ಅಂತ ಕೇಳಬೇಕು. ಸಾಮಾನ್ಯವಾಗಿ ಬಿದ್ದು ಹೋಗುತ್ತೆ, ಹಳೇ ಬಡ್ಡಿ ಮತ್ತೆ ಶುರು. ಅದಕ್ಕೇ ಬಿಲ್ಲಿನ ತಾರೀಕನ್ನು ಸಂಬಳದ ನಂತರಕ್ಕೆ ಹಾಕಿಸಿಕೊಳ್ಳಬೇಕು. ಕೇಳಿದರೆ ಸುಲಭವಾಗಿ ಸಿಗುವ ರಿಯಾಯಿತಿ ಅದೊಂದೇ, ಕೇಳುವವರೇ ಕಡಿಮೆ.

ಸುಮ್ನೆ_ಓದುಗ
12.4 ಅಂದರೆ ಅವಳ ಗಡಿ ದಾಟಿತು. ಆಹಾ.

ಮೊದಲು_ಸಣ್ಣದು
ಒಪ್ಪಿದೆ, ದೊಡ್ಡ ಕಾರ್ಡ್ ವಿಷಯ ಮುಗೀತು. ಸಣ್ಣ ಕಾರ್ಡು, ಗೆಳೆಯನ ಸಾಲ ಉಳೀತಲ್ಲ. ನಾನು ಈಗಲೂ ಗೆಳೆಯನದೇ ಮೊದಲು ಅಂತೀನಿ.

ಲೆಕ್ಕದ_ಅಕ್ಕ
ಸರಿ, ಕೂತು ಲೆಕ್ಕ ಹಾಕಿದೆ. ಕಂತು 11.6ಕ್ಕೆ ನಿಂತರೆ ಇವೆರಡಕ್ಕೆ ಸೇರಿ ತಿಂಗಳಿಗೆ 9.4 ಸಿಗುತ್ತೆ. ಪೂರ್ತಿ ಸಣ್ಣ ಕಾರ್ಡಿಗೆ ಸುರಿದು, ಆಮೇಲೆ ಗೆಳೆಯನಿಗೆ ಕೊಟ್ಟರೆ 17ನೇ ತಿಂಗಳಿಗೆ ಎರಡೂ ಮುಗಿಯುತ್ತೆ. ಕಾರ್ಡಿಗೆ 4.5 ಮಾತ್ರ ಕಟ್ಟುತ್ತಾ ಗೆಳೆಯನದ್ದು ಮೊದಲು ತೀರಿಸಿದರೆ 19ನೇ ತಿಂಗಳು.

ಮೊದಲು_ಸಣ್ಣದು
ಎರಡೇ ತಿಂಗಳಾ? ಇಷ್ಟಕ್ಕಾ ಇಷ್ಟೊತ್ತು ಬೈದಿದ್ದು?

ಲೆಕ್ಕದ_ಅಕ್ಕ
ಈ ಮೊತ್ತಕ್ಕೆ ಎರಡೇ. ದೊಡ್ಡ ಕಾರ್ಡನ್ನೂ ಹಾಗೇ ಕೊನೆಗೆ ಬಿಟ್ಟಿದ್ದರೆ ಗೊತ್ತಾಗುತ್ತಿತ್ತು. ಗೆಳೆಯ ಬಾಯಿಬಿಟ್ಟು ಕೇಳುತ್ತಿದ್ದಾನೆ ಅಂತಾದರೆ ನಿಮ್ಮ ದಾರಿಯೇ ಸರಿ ಇರಬಹುದು. ನಾನಂತೂ ಗೆಳೆಯನ ಮನೆಗೆ ಹೋಗಿ "ಒಂದು ವರ್ಷ ಆದ ಮೇಲೆ ಶುರು ಮಾಡ್ತೀನಿ, ಆರು ತಿಂಗಳಲ್ಲಿ ಮುಗಿಸ್ತೀನಿ" ಅಂತ ತಾರೀಕು ಹೇಳಿಬಂದು, ಕಾರ್ಡನ್ನೇ ಮೊದಲು ತೀರಿಸುತ್ತಿದ್ದೆ.

ಮೊದಲು_ಸಣ್ಣದು
ನಾನು ಹೋಗ್ತಿರಲಿಲ್ಲ. ದುಡ್ಡಿಲ್ಲದೆ ಆ ಬಾಗಿಲು ತಟ್ಟೋಕೆ ಕಾಲೇ ಬರಲ್ಲ.

ಗಡಿಬಿಡಿ
ಎಲ್ಲ ಸೇರಿ ಎಷ್ಟು ವರ್ಷ ಆಯ್ತು ಹಾಗಾದ್ರೆ?

ಲೆಕ್ಕದ_ಅಕ್ಕ
ಲೋನಿಗೆ 24 ಕಂತು ಬಾಕಿ, ದೊಡ್ಡ ಕಾರ್ಡಿಗೂ 24. ಎರಡು ವರ್ಷ. ಒಂದು ವರ್ಷದ ಮಾತು ಮರೆತುಬಿಡಿ. ಸುಮ್ನೆ ಮಿನಿಮಮ್ ಕಟ್ಟುತ್ತಾ ಹೋಗಿದ್ದರೆ ಆ ಎರಡು ವರ್ಷ ಕಳೆದ ಮೇಲೂ ದೊಡ್ಡ ಕಾರ್ಡಿನಲ್ಲೇ 150ರ ಹತ್ತಿರ ಉಳಿದಿರುತ್ತಿತ್ತು. ಬಾಕಿ ಇಳಿದಂತೆ ಮಿನಿಮಮ್ಮೂ ಇಳಿಯುತ್ತೆ ನೋಡಿ, ಅದೇ ಅದರ ಮಜಾ.

ಹಳೇ_ವಸೂಲಿಗಾರ
ಕಥೆಗಾರರೇ, ಇನ್ನೊಂದು ಸಲಹೆ. ಸಣ್ಣ ಕಾರ್ಡಿನವರೂ ಒಪ್ಪಿಬಿಟ್ಟರು ಅಂತ ಬರೀಬೇಡಿ. ಒಂದು ಕಡೆ ಆಗಲಿ, ಇನ್ನೊಂದು ಕಡೆ "ಸದ್ಯಕ್ಕೆ ನಿಮ್ಮ ಖಾತೆಗೆ ಯಾವ ಆಫರೂ ಇಲ್ಲ" ಅಂತ ಹೇಳಿ ಇಡಲಿ. ಹಾಗೇ ಆಗೋದು.

ಹೊಸ_ಕಥೆಗಾರ
ಎರಡು ದಿನ ಕೂತು ತಿದ್ದಿದೆ. ಫೋನಿನ ದೃಶ್ಯ ಈಗ ಹೀಗಿದೆ.

ಫೋನನ್ನು ನೆಲದ ಮೇಲೆ ಇಟ್ಟು ಸ್ಪೀಕರ್ ಹಾಕಿದ್ದರು. ಅದರ ಪಕ್ಕ ನೋಟ್‌ಬುಕ್. 12 ಅನ್ನೋದರ ಸುತ್ತ ಮಾನಸ ಎರಡು ಸಲ ಸುತ್ತು ಹಾಕಿದ್ದಳು.

"ನಿಮಗೋಸ್ಕರ ಒಂದೇ ಪರ್ಸೆಂಟಿಗೆ ಮಾಡಿಕೊಡ್ತೀನಿ ಸಾರ್" ಅಂದಿತು ಫೋನು.

ಕಿರಣ ಅವಳ ಮುಖ ನೋಡಿದ. ಅವನ ಕಣ್ಣು ಅರಳಿತ್ತು. ಹೂಂ ಅನ್ನಲು ಬಾಯಿ ತೆರೆದ. ಮಾನಸ ಅವನ ಮೊಣಕಾಲು ಹಿಡಿದಳು.

"ಕೊನೇ ಕಂತು ಮುಗಿಯುವಷ್ಟರಲ್ಲಿ ಒಟ್ಟು ಎಷ್ಟಾಗುತ್ತೆ?"

ಆ ಕಡೆ ಕೀಬೋರ್ಡ್ ಸದ್ದು. "ಇನ್ನೂರ ತೊಂಬತ್ತೇಳು ಚಿಲ್ಲರೆ ಮೇಡಂ. ತಿಂಗಳಿಗೆ ಬರೀ ಹನ್ನೆರಡು ಪಾಯಿಂಟ್ ನಾಲ್ಕು."

"ನಮ್ಮ ಕೈಲಿ ಹನ್ನೆರಡರ ಮೇಲೆ ಆಗಲ್ಲ."

"ಪಾಯಿಂಟ್ ನಾಲ್ಕು ಅಷ್ಟೇ ಮೇಡಂ."

"ಗೊತ್ತು. ಆಗಲ್ಲ."

ಅವಳು ಮುಂದೆ ಏನೂ ಹೇಳಲಿಲ್ಲ. ಕಿರಣನಿಗೆ ಆ ಮೌನ ತಡೆಯಲಾಗಲಿಲ್ಲ. ಏನಾದರೂ ಹೇಳಿ ತುಂಬಿಸಬೇಕು ಅನಿಸಿತು. ಅವಳ ಕೈ ಇನ್ನೂ ಮೊಣಕಾಲಿನ ಮೇಲಿತ್ತು.

"ಲೈನಲ್ಲಿರಿ" ಅಂದಿತು ಫೋನು. ಸಂಗೀತ ಶುರುವಾಯಿತು. ನಾಲ್ಕು ನಿಮಿಷ. ಮಾನಸ ಪೆನ್ಸಿಲ್ ಮೊನೆ ಚೂಪು ಮಾಡಿಕೊಂಡಳು. ಸಂಗೀತ ನಿಂತಾಗ ಧ್ವನಿ ಬೇರೆಯದಾಗಿತ್ತು, ಸ್ವಲ್ಪ ವಯಸ್ಸಾದವರದು. ಒಂದೂಕಾಲು ಪರ್ಸೆಂಟ್, ಉಳಿದ ಅಸಲಿಗೆ ಮಾತ್ರ. ಕಂತು 11.6. ಕಾರ್ಡ್ ಬ್ಲಾಕ್ ಆಗುತ್ತೆ, ಪರವಾಗಿಲ್ವಾ?

"ಪರವಾಗಿಲ್ಲ. ಇದನ್ನೇ ಇಮೇಲ್ ಮಾಡಿ. ಓದಿ, ನಾಳೆ ಹೇಳುತ್ತೇನೆ" ಅಂದಳು. "ಬಿಲ್ಲಿನ ತಾರೀಕು ಮೂರಕ್ಕೆ ಹಾಕಿಕೊಡ್ತೀರಾ?"

ಹಾಕಿಕೊಟ್ಟರು.

ಸಣ್ಣ ಕಾರ್ಡಿನವರಿಗೆ ಕಿರಣನೇ ಮಾತಾಡಿದ. ಯಾವ ಆಫರೂ ಇಲ್ಲ ಅಂದರು. ಅವನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟು, 9.4 ಅಂತ ಬರೆದ.

ಮೋಡದ_ಮರೆ
ನಾಳೆ ಹೇಳುತ್ತೇನೆ ಅಂದಳಲ್ಲ. ಕಣ್ಣು ತುಂಬಿಬಂತು. ನಾವು ಅದೊಂದು ಮಾತು ಹೇಳಿದ್ದರೆ ಸಾಕಿತ್ತು.

ಖಡಕ್_ಮಾತು
ಫೀಸಿನ ಬಗ್ಗೆ ಕೇಳಲೇ ಇಲ್ಲ ಅವಳು. ಕಂತಿಗೆ ಬದಲಿಸೋಕೆ ನೂರಕ್ಕೆ ಎರಡು ಅಂತ ಫೀಸ್ ಹಾಕಿದರೆ 4.8 ಹೋಯ್ತು.

ಹೊಸ_ಕಥೆಗಾರ
ಇಮೇಲ್ ಓದುವಾಗ ಕಾಣಿಸಲಿ ಅಂತ ಬಿಟ್ಟಿದ್ದೇನೆ. ಮರುದಿನದ ಫೋನಿನಲ್ಲಿ ಅದೇ ಜಗಳ.

ಸುಮ್ನೆ_ಓದುಗ
ಎಲ್ಲ ಸರಿ. ಮೊದಲನೇ ದೃಶ್ಯದಲ್ಲಿ ಒಡೆಯದ ಲಕೋಟೆ ಇತ್ತಲ್ಲ? ಅದರಲ್ಲಿ ಏನಿತ್ತು?

ಹೊಸ_ಕಥೆಗಾರ
ಅಯ್ಯೋ. ಅದನ್ನು ಮರೆತೇಬಿಟ್ಟೆ.

ಹಳೇ_ವಸೂಲಿಗಾರ
ನನಗೆ ಗೊತ್ತು. "ನಿಮ್ಮ ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಿಗೆ ಬದಲಿಸಿಕೊಳ್ಳಿ" ಅಂತ ಆಫರ್. ತಿಂಗಳು ತಿಂಗಳು ಕಟ್ಟುಗಟ್ಟಲೆ ಕಳಿಸ್ತಿದ್ವಿ. ಭಯಕ್ಕೆ ಯಾರೂ ಒಡೀತಿರಲಿಲ್ಲ.